ಗಾಡಿ ಕೈಗೆ ಬಂತು, ಆರ್‌ಸಿ ಹಳೇ ಹೆಸರಲ್ಲೇ ಉಳಿಯಿತು

2008ರ ಏಪ್ರಿಲ್‌ನಲ್ಲಿ ಛತ್ತೀಸಗಢದ ಲಾರಿ ಮಾಲೀಕರೊಬ್ಬರು ತಮ್ಮ ಲಾರಿಯನ್ನು ಇನ್ನೊಬ್ಬರಿಗೆ ಮಾರುವುದಾಗಿ ಕರಾರು ಬರೆದುಕೊಟ್ಟರು. ಲಾರಿ ಹೊಸಬರ ಕೈಸೇರಿತು. ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗಲಿಲ್ಲ, ವಿಮೆಯೂ ಹಳೆಯ ಮಾಲೀಕರ ಹೆಸರಿನಲ್ಲೇ ನಡೆಯಿತು. 2011ರ ನವೆಂಬರ್‌ನಲ್ಲಿ ಲಾರಿ ಅಪಘಾತಕ್ಕೀಡಾಗಿ ಜಖಂಗೊಂಡಾಗ ಪಾಲಿಸಿದಾರರು ಪರಿಹಾರ ಕೇಳಿದರು. ವಿಮಾ ಕಂಪನಿ ಕೊಡುವುದಿಲ್ಲವೆಂದಿತು. ಮೂರು ವರ್ಷದ ಹಿಂದೆಯೇ ಮಾರಿದ ಲಾರಿ ಜಖಂ ಆದರೆ ನಿಮಗೇನು ನಷ್ಟ ಎನ್ನುವುದು ಅದರ ವಾದ.

ಜಗಳ ಜಿಲ್ಲಾ ಗ್ರಾಹಕ ವೇದಿಕೆಯಿಂದ ರಾಷ್ಟ್ರೀಯ ಆಯೋಗದವರೆಗೆ ಹೋಯಿತು. ಕೊನೆಗೆ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಮಾರಾಟದ ಕರಾರು ಬರೆದ ಮಾತ್ರಕ್ಕೆ ವಿಮಾ ಕಂಪನಿ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ವಿಮಾ ಕಂಪನಿ ಸೋತಿತು, ಹಳೆಯ ಮಾಲೀಕರು ಗೆದ್ದರು.

ಈ ತೀರ್ಪನ್ನು ಓದುವಾಗ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಲಾರಿಯನ್ನು ಮೂರು ವರ್ಷ ತನ್ನದೆಂದು ಇಟ್ಟುಕೊಂಡಿದ್ದವರು ಒಬ್ಬರು. ಪರಿಹಾರ ಕೇಳುವ ಹಕ್ಕು ಇದ್ದದ್ದು ಇನ್ನೊಬ್ಬರಿಗೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, ಆರ್‌ಸಿ ವರ್ಗಾವಣೆಯನ್ನು ಮುಂದಕ್ಕೆ ಹಾಕುತ್ತ ಬಂದ ಎಲ್ಲರೂ ಆ ಮೊದಲನೆಯವರ ಜಾಗದಲ್ಲಿ ನಿಂತಿರುತ್ತಾರೆ.

ಬೈಕಾಗಲಿ ಕಾರಾಗಲಿ, ಮಾರಾಟ ನಡೆಯುವ ರೀತಿ ನಮ್ಮಲ್ಲಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ದರ ಮಾತಾಗುತ್ತದೆ, ಮುಂಗಡ ಕೊಡುತ್ತಾರೆ, ಒಂದು ಬಾಂಡ್ ಪೇಪರಿನ ಮೇಲೆ ಕರಾರು ಬರೆದು ನೋಟರಿ ಮುದ್ರೆ ಒತ್ತಿಸುತ್ತಾರೆ. ಮಾರುವವರು 29 ಮತ್ತು 30ನೇ ನಮೂನೆಯ ಫಾರಂಗಳಿಗೆ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಕೊಡುತ್ತಾರೆ. ಕೀಲಿ, ಆರ್‌ಸಿ ಕಾರ್ಡ್, ವಿಮೆಯ ಪ್ರತಿ ಕೈ ಬದಲಾಗುತ್ತವೆ. 'ನಿಮಗೆ ಯಾವಾಗ ಬೇಕೋ ಆವಾಗ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ' ಎನ್ನುವ ಮಾತಿನೊಂದಿಗೆ ವ್ಯವಹಾರ ಮುಗಿಯುತ್ತದೆ. ಕೊಂಡವರಿಗೂ ಗಾಡಿ ತಮ್ಮದಾಯಿತು ಎಂದೇ ಅನ್ನಿಸುತ್ತದೆ.

ಒಂದು ಅರ್ಥದಲ್ಲಿ ಅದು ನಿಜವೂ ಹೌದು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ವಾಹನ ಒಂದು ಚರ ವಸ್ತು. ಮಾರುವವರೂ ಕೊಳ್ಳುವವರೂ ಒಪ್ಪಿ, ಹಣ ಕೊಟ್ಟು, ಗಾಡಿ ವಶಕ್ಕೆ ಬಂದರೆ ಅವರಿಬ್ಬರ ನಡುವೆ ಮಾರಾಟ ಆದಂತೆಯೇ. ಆದರೆ ಗಾಡಿ ರಸ್ತೆಗಿಳಿದ ಕ್ಷಣ ಇನ್ನೊಂದು ಕಾನೂನು ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 30ನೇ ಉಪಕಲಮು 'ಮಾಲೀಕ' ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು ಎನ್ನುತ್ತದೆ. ಪೊಲೀಸರು, ಆರ್‌ಟಿಒ, ವಿಮಾ ಕಂಪನಿ, ಅಪಘಾತ ಪರಿಹಾರ ನ್ಯಾಯಮಂಡಳಿ, ಇವರೆಲ್ಲರೂ ನೋಡುವುದು ಈ ಎರಡನೆಯ ಮಾಲೀಕತ್ವವನ್ನು. ಬಾಂಡ್ ಪೇಪರು ಮಾರಿದವರ ಮೇಲೆ ದಾವೆ ಹೂಡಲು ಸಾಕ್ಷಿಯಾದೀತು. ಉಳಿದವರ ಮುಂದೆ ಅದಕ್ಕೆ ಬಲ ಕಡಿಮೆ.

ಅದೇ ಕಾಯ್ದೆಯ 50ನೇ ಕಲಮು ಇಬ್ಬರಿಗೂ ಕೆಲಸ ಹಂಚಿದೆ. ಗಾಡಿ ರಾಜ್ಯದೊಳಗೇ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಅದರ ಪ್ರತಿಯನ್ನು ಕೊಂಡವರಿಗೂ ಕಳಿಸಬೇಕು. ಹೊರರಾಜ್ಯಕ್ಕೆ ಹೋದರೆ ಆ ಅವಧಿ 45 ದಿನ. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಅಂದರೆ 'ಮಾರಿದವರು ಮಾಡಿಕೊಡಲಿಲ್ಲ' ಎನ್ನುವುದು ಕೊಂಡವರಿಗೆ ಪೂರ್ತಿ ರಕ್ಷಣೆಯಲ್ಲ. ಅವರದೇ ಒಂದು ಕರ್ತವ್ಯವನ್ನು ಕಾನೂನು ಬೇರೆಯಾಗಿ ಬರೆದಿಟ್ಟಿದೆ.

ಆದರೂ ಕೆಲಸ ಏಕೆ ಹಿಂದೆ ಬೀಳುತ್ತದೆ? ಆರ್‌ಟಿಒ ಶುಲ್ಕವೇನೂ ದೊಡ್ಡದಲ್ಲ. ಏಜೆಂಟರ ಮೂಲಕ ಹೋದರೆ ಖರ್ಚು ಏರುತ್ತದೆ, ಒಂದು ದಿನದ ಕೆಲಸ ಬಿಡಬೇಕಾಗುತ್ತದೆ. ಗಾಡಿಯ ಮೇಲಿನ ಸಾಲ ತೀರಿರುವುದಿಲ್ಲ. ಕೊಂಡವರು ಇನ್ನೊಂದು ವರ್ಷದಲ್ಲಿ ತಾವೂ ಮಾರುವ ಯೋಚನೆಯಲ್ಲಿರುತ್ತಾರೆ. ಆರ್‌ಸಿಯಲ್ಲಿ ಒಬ್ಬ ಮಾಲೀಕ ಹೆಚ್ಚಾದರೆ ಬೆಲೆ ಇಳಿಯುತ್ತದೆಂದು ಲೆಕ್ಕ ಹಾಕುತ್ತಾರೆ. ಈ ಕೊನೆಯ ಕಾರಣದಿಂದಲೇ ಖಾಲಿ ಫಾರಂಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಗುತ್ತವೆ.

ಇದರಿಂದ ಏಳುವ ಅಪಾಯಗಳಲ್ಲಿ ಅತ್ಯಂತ ದುಬಾರಿಯಾದದ್ದು, ಅತ್ಯಂತ ಕಡಿಮೆ ಜನರಿಗೆ ಗೊತ್ತಿರುವುದು ವಿಮೆಯದು. ಒಂದು ಕಲ್ಪಿತ ಉದಾಹರಣೆಯನ್ನು ಹಂತಹಂತವಾಗಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ತುಮಕೂರಿನ ಶಿಕ್ಷಕರೊಬ್ಬರು ಬೆಂಗಳೂರಿನವರೊಬ್ಬರಿಂದ 3,60,000 ರೂಪಾಯಿಗೆ ಕಾರು ಕೊಂಡರು ಎನ್ನಿ. ಕಾರಿಗೆ ಇನ್ನೂ ಆರು ತಿಂಗಳ ಫುಲ್ ಇನ್ಶೂರೆನ್ಸ್ ಇದೆ. ಮಾರಿದವರು ವರ್ಷಗಟ್ಟಲೆ ಕ್ಲೇಮ್ ಮಾಡದೆ 50% ನೋ ಕ್ಲೇಮ್ ಬೋನಸ್ ಗಳಿಸಿದ್ದಾರೆ. ಶಿಕ್ಷಕರಿಗೆ ಇದು ಲಾಭವೆಂದೇ ಕಾಣುತ್ತದೆ: ಕಾರಿಗೆ ವಿಮೆಯಿದೆ, ಕಂತೂ ಕಡಿಮೆ. ಆರು ತಿಂಗಳಾದ ಮೇಲೆ ಅವರು ಆನ್‌ಲೈನ್‌ನಲ್ಲಿ ಅದೇ ಪಾಲಿಸಿಯನ್ನು, ಅದೇ ಹಳೆಯ ಹೆಸರಿನಲ್ಲಿ ನವೀಕರಿಸುತ್ತಾರೆ. ದುಡ್ಡು ಅವರದು, ಪಾಲಿಸಿ ಮಾರಿದವರದು.

ಈಗ ಕಾರು ಹೆದ್ದಾರಿಯ ತಡೆಗೋಡೆಗೆ ಬಡಿದು 1,40,000 ರೂಪಾಯಿಯ ರಿಪೇರಿ ಬಂತು. ಗ್ಯಾರೇಜಿನವರು ವಿಮಾ ಕಂಪನಿಗೆ ತಿಳಿಸುತ್ತಾರೆ, ಸರ್ವೇಯರ್ ಬರುತ್ತಾರೆ. ಆರ್‌ಸಿ, ಪಾಲಿಸಿ, ಓಡಿಸುತ್ತಿದ್ದವರ ಡಿಎಲ್ ಕೇಳುತ್ತಾರೆ. ಕ್ಲೇಮ್ ಫಾರಂಗೆ ಪಾಲಿಸಿದಾರರ ಸಹಿ ಬೇಕು, ಹಣ ಹೋಗುವುದು ಪಾಲಿಸಿದಾರರ ಬ್ಯಾಂಕ್ ಖಾತೆಗೆ. ಪಾಲಿಸಿದಾರರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದಾಗ ಶಿಕ್ಷಕರು ನಿಜ ಹೇಳಿದರೆ, ಅಂದರೆ ಕಾರನ್ನು ಒಂದು ವರ್ಷದ ಹಿಂದೆ ಕೊಂಡಿದ್ದೇನೆ ಎಂದರೆ, ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆಯೇ ಹೆಚ್ಚು. 'ಸ್ನೇಹಿತರ ಕಾರು, ಎರವಲು ತಂದಿದ್ದೆ' ಎಂದರೆ ಅದು ಸುಳ್ಳು ಮಾಹಿತಿ. ಬಾಂಡ್ ಪೇಪರು ಎಲ್ಲಾದರೂ ಹೊರಬಂದರೆ ಆ ಸುಳ್ಳೇ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ತಿರಸ್ಕಾರದ ಹಿಂದಿನ ತರ್ಕ ಸರಳ. ವಿಮೆ ಎನ್ನುವುದು ಕಂಪನಿ ಮತ್ತು ಒಬ್ಬ ನಿರ್ದಿಷ್ಟ ವ್ಯಕ್ತಿಯ ನಡುವಿನ ಒಪ್ಪಂದ. ಮಾರಿದವರ ಹೆಸರಿನಲ್ಲಿ ಒಪ್ಪಂದವಿದೆ, ಆದರೆ ಪೂರ್ತಿ ಬೆಲೆ ಪಡೆದ ಮೇಲೆ ಅವರಿಗೆ ನಷ್ಟವಿಲ್ಲ. ಕೊಂಡವರಿಗೆ ನಷ್ಟವಾಗಿದೆ, ಆದರೆ ಅವರೊಡನೆ ಒಪ್ಪಂದವಿಲ್ಲ. ವಾಹನದ ಜೊತೆಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ತಾನಾಗಿ ವರ್ಗವಾಗುತ್ತದೆ. ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಭಾಗ ಹಾಗೆ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಆರ್‌ಸಿ ಕೊಂಡವರ ಹೆಸರಿಗೆ ಬಂದಿತ್ತು, ವಿಮೆ ಮಾತ್ರ ಬಂದಿರಲಿಲ್ಲ. ಆದರೂ ಪರಿಹಾರ ಸಿಗಲಿಲ್ಲ. ಹಾಗಾಗಿ ಆರ್‌ಸಿ ಬದಲಾವಣೆ ಅರ್ಧ ಕೆಲಸ ಮಾತ್ರ. ವಿಮೆಯನ್ನೂ ಹೆಸರಿಗೆ ಮಾಡಿಸಿಕೊಂಡಾಗಲೇ ಅದು ಪೂರ್ತಿ.

ಹಾಗಾದರೆ ಆರಂಭದಲ್ಲಿ ಹೇಳಿದ 2020ರ ತೀರ್ಪು ಶಿಕ್ಷಕರಿಗೆ ನೆರವಾಗದೇ? ಆಗಬಹುದು, ಸುತ್ತುದಾರಿಯಲ್ಲಿ. ಆ ತೀರ್ಪು ಹಿಡಿದು ಪರಿಹಾರ ಕೇಳಬೇಕಾದವರು ಆರ್‌ಸಿಯಲ್ಲಿ ಹೆಸರಿರುವವರು. ಬೆಂಗಳೂರಿನ ಆ ವ್ಯಕ್ತಿ ಫೋನ್ ಎತ್ತಬೇಕು, ಸಹಿ ಹಾಕಬೇಕು, ಬೇಕಾದರೆ ಗ್ರಾಹಕ ಆಯೋಗಕ್ಕೂ ಅಲೆಯಬೇಕು, ತಮ್ಮ ಖಾತೆಗೆ ಬಂದ ಹಣವನ್ನು ಪ್ರಾಮಾಣಿಕವಾಗಿ ದಾಟಿಸಬೇಕು. ಕಾರು ಕಳುವಾದರೆ ಈ ಅವಲಂಬನೆ ಇನ್ನೂ ಹೆಚ್ಚು, ಏಕೆಂದರೆ ಆಗ ಆರ್‌ಸಿಯ ಹಕ್ಕನ್ನು ವಿಮಾ ಕಂಪನಿಗೆ ಬಿಟ್ಟುಕೊಡುವ ಕಾಗದಗಳಿಗೂ ಆರ್‌ಸಿ ಮಾಲೀಕರದೇ ಸಹಿ ಬೇಕು. ಮೂರೂವರೆ ಲಕ್ಷದ ಸ್ವತ್ತಿನ ಭದ್ರತೆ ಅಪರಿಚಿತರೊಬ್ಬರ ಒಳ್ಳೆಯತನದ ಮೇಲೆ ನಿಂತಂತಾಯಿತು.

ಇದನ್ನೆಲ್ಲ ತಪ್ಪಿಸಲು ಆ ಶಿಕ್ಷಕರಿಗೆ ಎಷ್ಟು ಖರ್ಚಾಗುತ್ತಿತ್ತು? ನೋ ಕ್ಲೇಮ್ ಬೋನಸ್ ವ್ಯಕ್ತಿಗೆ ಸೇರಿದ್ದು, ವಾಹನಕ್ಕಲ್ಲ. ಆದ್ದರಿಂದ ವಿಮೆ ವರ್ಗ ಮಾಡಿಸಿಕೊಳ್ಳುವಾಗ ಹಿಂದಿನವರಿಗೆ ಕೊಟ್ಟ ರಿಯಾಯಿತಿಯನ್ನು ಉಳಿದ ಅವಧಿಯ ಮಟ್ಟಿಗೆ ಕೊಂಡವರು ತುಂಬಬೇಕು. ಹಾನಿ ಭಾಗದ ವಾರ್ಷಿಕ ಕಂತು 6,000 ರೂಪಾಯಿ ಎಂದಿಟ್ಟುಕೊಂಡರೆ 50% ರಿಯಾಯಿತಿ ಎಂದರೆ 3,000, ಉಳಿದ ಆರು ತಿಂಗಳಿಗೆ ಸುಮಾರು 1,500. ಜೊತೆಗೆ ಸಣ್ಣದೊಂದು ಶುಲ್ಕ. ಇಷ್ಟನ್ನು ಉಳಿಸಲು ಹೋಗಿ 1,40,000 ರೂಪಾಯಿ ಕೈಬಿಟ್ಟಂತಾಯಿತು.

ಗಾಡಿಯ ತಗಡು ಹೋದರೆ ಮತ್ತೆ ಕಟ್ಟಬಹುದು. ಓಡಿಸುವವರ ಜೀವದ ವಿಷಯ ಇದಕ್ಕಿಂತ ಗಂಭೀರ. ಕಾರು, ಬೈಕುಗಳ ವಿಮೆಯ ಜೊತೆ ಮಾಲೀಕ-ಚಾಲಕರಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ರಸ್ತೆಯ ಗುಂಡಿಗೆ ಬಿದ್ದೋ, ಮರಕ್ಕೆ ಗುದ್ದಿಯೋ ಸತ್ತರೆ, ಎದುರು ಬೇರೆ ವಾಹನವೇ ಇಲ್ಲದಾಗ ಕುಟುಂಬಕ್ಕೆ ಸಿಗಬಹುದಾದ ಪರಿಹಾರ ಬಹುಮಟ್ಟಿಗೆ ಇದೊಂದೇ. ಇದಕ್ಕೆ ಪಾಲಿಸಿಯಲ್ಲಿ ಮೂರು ಷರತ್ತುಗಳಿವೆ: ಓಡಿಸುತ್ತಿದ್ದವರು ವಾಹನದ ನೋಂದಾಯಿತ ಮಾಲೀಕರಾಗಿರಬೇಕು, ಪಾಲಿಸಿಯಲ್ಲಿ ಅವರದೇ ಹೆಸರಿರಬೇಕು, ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಆರ್‌ಸಿ ವರ್ಗಾಯಿಸಿಕೊಳ್ಳದೆ ಬೈಕ್ ಓಡಿಸುವವರಲ್ಲಿ ಮೊದಲ ಎರಡು ಷರತ್ತು ಕಾಗದದ ಮೇಲೆಯೇ ಇಲ್ಲ. ಅವರು ಕಟ್ಟಿದ ಕಂತಿನಲ್ಲಿ ಈ ಭಾಗಕ್ಕೆಂದು ತೆಗೆದುಕೊಂಡ ಹಣವೂ ಇರುತ್ತದೆ. ಅವರ ಮನೆಯವರಿಗೆ ಅದರಿಂದ ಬರುವುದು ಏನೂ ಇಲ್ಲ.

ಇಂಥ ಕುಟುಂಬಕ್ಕೆ ಮೂರನೆಯವರಿಗೆ ಸಿಗುವ ಪರಿಹಾರವಾದರೂ ಸಿಗುವುದೇ? ನಮ್ಮದೇ ಬಾಗಲಕೋಟೆ ಜಿಲ್ಲೆಯ ಕಡೆಯ ಒಂದು ಪ್ರಕರಣ ಇಲ್ಲಿ ನೆನಪಿಡತಕ್ಕದ್ದು. ಒಬ್ಬರು ಎರವಲು ಪಡೆದ ಬೈಕಿನಲ್ಲಿ ಇಳಕಲ್ಲಿನಿಂದ ತಮ್ಮೂರಿಗೆ ಹೊರಟಿದ್ದರು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ, ಕಬ್ಬಿಣದ ತಗಡು ಹೇರಿದ ಎತ್ತಿನ ಗಾಡಿ ತಟ್ಟನೆ ನಿಂತಿತು. ಬೈಕ್ ಅದಕ್ಕೆ ಬಡಿದು ಸವಾರರು ತೀರಿಕೊಂಡರು. ಹೆಂಡತಿ, ಮಕ್ಕಳು ಬೈಕಿನ ವಿಮೆಯ ಮೇಲೆ ಪರಿಹಾರ ಕೇಳಿದರು. 2009ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಎರವಲು ಪಡೆದು ಓಡಿಸುವವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ; ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುತ್ತಿದ್ದ ಆಗಿನ 163ಎ ಕಲಮಿನಡಿ ಅವರ ವಾರಸುದಾರರು ಆ ಬೈಕಿನ ವಿಮಾ ಕಂಪನಿಯಿಂದ ಹಣ ಕೇಳಲಾಗದು. ಬೇರೆ ಕಲಮಿನಡಿ ಪರಿಹಾರ ಸಾಧ್ಯವೇ ಎಂದು ನೋಡಲು ನ್ಯಾಯಾಲಯ ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು.

ಬೈಕ್ ಕೊಂಡೂ ಆರ್‌ಸಿ ಪಡೆಯದವರ ಸ್ಥಿತಿ ಈ ಸವಾರರಿಗಿಂತ ಗಟ್ಟಿಯೇನಲ್ಲ. ತಮ್ಮ ಗಾಡಿಯ ಮಟ್ಟಿಗೆ ಅವರು ಹೊರಗಿನ ಮೂರನೆಯವರು ಅಲ್ಲ, ಏಕೆಂದರೆ ಗಾಡಿ ಅವರ ವಶದಲ್ಲಿದೆ. ದಾಖಲೆಯ ಮಾಲೀಕರೂ ಅಲ್ಲ. ವಿಮೆಯ ಎರಡು ಬಾಗಿಲುಗಳ ನಡುವೆ ಅವರ ಕುಟುಂಬ ನಿಂತುಬಿಡುತ್ತದೆ.

ಇನ್ನು ಆ ಗಾಡಿಯಿಂದ ಬೇರೆಯವರಿಗೆ ಏಟಾದರೆ? ಇಲ್ಲಿ ಕಾನೂನು ಗಾಯಾಳುವಿನ ಪರ. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ವಾಹನ ಕೈಬದಲಾದ ದಿನದಿಂದಲೇ ಥರ್ಡ್ ಪಾರ್ಟಿ ವಿಮೆ ಕೊಂಡವರಿಗೂ ಅನ್ವಯಿಸುತ್ತದೆಂದು ಭಾವಿಸಲಾಗುತ್ತದೆ. ವಿಮೆ ಚಾಲ್ತಿಯಲ್ಲಿದ್ದರೆ ಗಾಯಾಳುವಿಗೆ ಕಂಪನಿ ಕೊಡುತ್ತದೆ. ವಿಮೆ ಮುಗಿದಿದ್ದಾಗ ತೊಡಕು ಶುರುವಾಗುತ್ತದೆ.

ಈ ತೊಡಕಿನ ಮೇಲೆ ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಒಂದು ಮುಖ್ಯ ತೀರ್ಪು ಕೊಟ್ಟಿತು. ಒಂದು ಮಾರುತಿ 800 ಕಾರಿನ ಕಥೆ ಅದು. ಆರ್‌ಸಿ ಮಾಲೀಕರು ಅದನ್ನು 2007ರ ಜುಲೈನಲ್ಲಿ ಮಾರಿದ್ದರು. ಕೊಂಡವರು 2008ರ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರಿದರು. ಆ ಮತ್ತೊಬ್ಬರೂ ತಾನು ಬೇರೊಬ್ಬರಿಗೆ ಮಾರಿದ್ದೇನೆಂದರು. ಇಷ್ಟು ಕೈ ದಾಟಿದರೂ ಆರ್‌ಸಿ ಮೊದಲಿನವರ ಹೆಸರಿನಲ್ಲೇ ಇತ್ತು. 2009ರ ಮೇ ತಿಂಗಳಲ್ಲಿ ಹಿಂದಕ್ಕೆ ಬರುತ್ತಿದ್ದ ಆ ಕಾರು ಒಬ್ಬ ಮಹಿಳೆ ಮತ್ತು ಅವರ ಜೊತೆಗಿದ್ದ ಹುಡುಗನಿಗೆ ಬಡಿಯಿತು, ಹುಡುಗ ತೀರಿಕೊಂಡ. ಕಾರಿಗೆ ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವರು ಕೊನೆಯಲ್ಲಿ ಕೊಂಡವರು ಎಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೈಯಿಂದ ಕೈಗೆ ಹೋದ ಗಾಡಿಯ ಜಾಡು ಹಿಡಿಯುತ್ತ ಗಾಯಾಳುವಿನ ಕುಟುಂಬ ಅಲೆಯುವಂತಾಗಬಾರದು, ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದಿತು.

ಈ ತೀರ್ಪನ್ನು ಕೊಂಡವರ ಪಾಲಿನ ಗೆಲುವೆಂದು ಓದುವುದು ತಪ್ಪು. ನ್ಯಾಯಮಂಡಳಿಯ ಮುಂದೆ ಆರ್‌ಸಿ ಮಾಲೀಕರು ಹಣ ಕಟ್ಟಿದ ಮೇಲೆ ಅವರ ವಕೀಲರು ತೆಗೆಯುವ ಮೊದಲ ಕಾಗದ ಅದೇ ಬಾಂಡ್ ಪೇಪರು. ಅದರಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ಈ ದಿನ, ಈ ಸಮಯದಿಂದ ಮುಂದೆ ಆಗುವ ಅಪಘಾತ, ಕೇಸು, ದಂಡಗಳಿಗೆಲ್ಲ ಕೊಂಡವರೇ ಜವಾಬ್ದಾರರು. ಆ ಸಾಲಿನ ಬಲದ ಮೇಲೆ ಕಟ್ಟಿದ ಹಣವನ್ನು ಕೊಂಡವರಿಂದ ವಸೂಲಿ ಮಾಡಲು ದಾವೆ ಹೂಡಬಹುದು. ಆ ಕಾಗದದಿಂದ ಕೊಂಡವರಿಗೆ ಆರ್‌ಸಿಯ ಹಕ್ಕೊಂದೂ ಸಿಗುವುದಿಲ್ಲ. ಹೊಣೆಯೆಲ್ಲವೂ ಅವರ ತಲೆಗೇ ಬರುತ್ತದೆ. ಸಹಿ ಹಾಕುವ ಮೊದಲು ಆ ಸಾಲನ್ನು ಓದಿ, ಆರ್‌ಸಿ ವರ್ಗಾವಣೆಯ ದಿನಾಂಕದ ಬಗ್ಗೆ ಮಾರುವವರ ಹೊಣೆಯನ್ನೂ ಅದರ ಕೆಳಗೆ ಬರೆಸಬೇಕು ಎನ್ನುವುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಅಪಘಾತವೇನೂ ಆಗದಿದ್ದರೂ ಕಾಲ ಕಳೆದಂತೆ ವರ್ಗಾವಣೆ ಕಷ್ಟವಾಗುತ್ತ ಹೋಗುತ್ತದೆ. ಸಹಿ ಮಾಡಿದ ಖಾಲಿ ಫಾರಂಗಳು ಪೆಟ್ಟಿಗೆಯಲ್ಲಿವೆ, ಯಾವಾಗ ಬೇಕಾದರೂ ಆಗುತ್ತದೆ ಎಂಬ ನಂಬಿಕೆ ಹಳೆಯ ಕಾಲದ್ದು. ಈಗ ಆರ್‌ಟಿಒ ಸೇವೆಗಳು ಆನ್‌ಲೈನ್ ಆಗಿವೆ, ವಾಹನದ ದಾಖಲೆಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ. ಒಟಿಪಿ ಹೋಗುವುದು ಮಾರಿದವರ ಫೋನಿಗೆ. ಅವರು ಸಂಖ್ಯೆ ಬದಲಿಸಿರಬಹುದು, ಊರು ಬಿಟ್ಟಿರಬಹುದು, 'ಇನ್ನೊಂದಿಷ್ಟು ಕೊಡಿ, ಆಮೇಲೆ ಹೇಳ್ತೀನಿ' ಎನ್ನಲೂಬಹುದು. 15 ವರ್ಷಕ್ಕೆ ನೋಂದಣಿ ನವೀಕರಿಸಬೇಕಾದಾಗಲೂ ಅರ್ಜಿ ಆರ್‌ಸಿ ಮಾಲೀಕರದೇ ಆಗಿರಬೇಕು. ಆ ಹೊತ್ತಿಗೆ ಬೇರೆ ದಾರಿ ಕಾಣದೆ ಮಾರಿದವರ ಸಹಿಯನ್ನು ತಾವೇ ಹಾಕಿಬಿಡುವವರೂ ಇದ್ದಾರೆ. ಅದು ಫೋರ್ಜರಿ. ಗಾಡಿಯ ತಕರಾರು ಅಲ್ಲಿಂದ ಕ್ರಿಮಿನಲ್ ಪ್ರಕರಣವಾಗುತ್ತದೆ.

ಮಾರಿದವರು ತೀರಿಕೊಂಡರೆ ಅವರು ಸಹಿ ಮಾಡಿಟ್ಟ 29, 30ನೇ ಫಾರಂಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಮಾಲೀಕರು ಸತ್ತಾಗ ಗಾಡಿ ಮೊದಲು 31ನೇ ಫಾರಂ ಮೂಲಕ ವಾರಸುದಾರರ ಹೆಸರಿಗೆ ಬರಬೇಕು, ಅಲ್ಲಿಂದ ಕೊಂಡವರಿಗೆ. ಮೂರು ಮಕ್ಕಳಿದ್ದರೆ ಮೂವರ ಒಪ್ಪಿಗೆಯೂ ಬೇಕಾಗಬಹುದು. ಅಪ್ಪ ಯಾವಾಗ ಮಾರಿದರೋ ನಮಗೆ ಗೊತ್ತಿಲ್ಲ ಎಂದು ಅವರಲ್ಲೊಬ್ಬರು ಹೇಳಿದರೂ ಕೆಲಸ ನಿಲ್ಲುತ್ತದೆ.

ಸಾಲವಿರುವ ಗಾಡಿಯದು ಇನ್ನೊಂದು ಕಥೆ. ಆರ್‌ಸಿಯಲ್ಲಿ ಎಚ್‌ಪಿ ನಮೂದು ಇರುವ ತನಕ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಆರ್‌ಟಿಒ ಮಾಲೀಕರ ಹೆಸರು ಬದಲಿಸುವುದಿಲ್ಲ. 'ಉಳಿದ ಕಂತು ನೀವೇ ಕಟ್ಟಿಕೊಳ್ಳಿ' ಎಂಬ ಮಾತಿನ ಮೇಲೆ ಕೊಂಡವರು ಕಂತು ಕಟ್ಟುತ್ತ ಹೋಗುತ್ತಾರೆ. ಬ್ಯಾಂಕಿನ ದೃಷ್ಟಿಯಲ್ಲಿ ಸಾಲಗಾರರು ಇನ್ನೂ ಹಳೆಯವರೇ. ಅವರು ಅದೇ ಬ್ಯಾಂಕಿನಲ್ಲಿ ಬೇರೊಂದು ಸಾಲ ಬಾಕಿ ಇಟ್ಟುಕೊಂಡಿದ್ದರೆ, ಕಾರಿನ ಕಂತೆಲ್ಲ ಮುಗಿದ ಮೇಲೂ ಬ್ಯಾಂಕ್ ಎನ್‌ಒಸಿ ತಡೆಹಿಡಿಯಬಹುದು. ಕೊಂಡವರು ಕಂತಿನ ರಸೀದಿಗಳ ಕಟ್ಟು ಹಿಡಿದು ಹೋದರೆ, ಖಾತೆದಾರರನ್ನು ಕರೆತನ್ನಿ ಎಂಬ ಉತ್ತರ ಬರುತ್ತದೆ.

ಪೊಲೀಸ್ ಠಾಣೆಯಲ್ಲೂ ಇದೇ ಪ್ರಶ್ನೆ. ಯಾವುದೋ ಪ್ರಕರಣದಲ್ಲಿ ಗಾಡಿ ಜಪ್ತಿಯಾಯಿತು ಎನ್ನಿ. ಅದನ್ನು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ 497 ಮತ್ತು 503ನೇ ಕಲಮುಗಳಿವೆ. ಅರ್ಜಿ ಬಂದಾಗ ಮೊದಲು ನೋಡುವುದು ಆರ್‌ಸಿ ಯಾರ ಹೆಸರಿನಲ್ಲಿದೆ ಎಂಬುದನ್ನು. ಕೊಂಡವರು ಕೇಳಲೇಬಾರದು ಎಂದೇನಿಲ್ಲ, ಆದರೆ ಆರ್‌ಸಿ ಮಾಲೀಕರ ಒಪ್ಪಿಗೆ ಇಲ್ಲದಿದ್ದರೆ ಗಾಡಿ ಠಾಣೆಯ ಅಂಗಳದಲ್ಲಿ ಬಿಸಿಲು ಮಳೆಗೆ ಒಡ್ಡಿಕೊಂಡು ತಿಂಗಳುಗಟ್ಟಲೆ ನಿಲ್ಲುತ್ತದೆ. ದುಡ್ಡಿನ ವಿಷಯದಲ್ಲಿ ಮನಸ್ತಾಪವಾಗಿ ಮಾರಿದವರೇ ಗಾಡಿ ಕಳುವಾಗಿದೆಯೆಂದು ದೂರು ಕೊಟ್ಟರೆ, ಕಳ್ಳತನ ಮಾಡಿಲ್ಲವೆಂದು ತೋರಿಸುವ ಕೆಲಸ ಕೊಂಡವರ ಪಾಲಿಗೆ ಬರುತ್ತದೆ. ಹಣವನ್ನು ನಗದಾಗಿ ಕೊಟ್ಟಿದ್ದರೆ ಅದು ಸುಲಭವಲ್ಲ. ಬ್ಯಾಂಕ್ ಮೂಲಕ ಹಣ ಕೊಡಿ ಎಂದು ತಿಳಿದವರು ಒತ್ತಿ ಹೇಳುವುದು ಈ ಕಾರಣಕ್ಕೆ.

ಇಂಥ ಗಾಡಿಯನ್ನು ಕೊಳ್ಳುವ ಮೊದಲೇ ಗುರುತಿಸುವುದು ಕಷ್ಟವಲ್ಲ. ಮುಂದೆ ನಿಂತು ದರ ಮಾತಾಡುತ್ತಿರುವವರ ಆಧಾರ್‌ನಲ್ಲಿರುವ ಹೆಸರೂ ಆರ್‌ಸಿಯಲ್ಲಿರುವ ಹೆಸರೂ ಒಂದೇ ಆಗಿರಬೇಕು. 'ನಾನು ಅವರಿಂದ ತಗೊಂಡಿದ್ದೆ, ಫಾರಂ ಓಪನ್ ಇದೆ' ಎಂದರೆ ಅವರು ಮಾರುತ್ತಿರುವುದು ದಾಖಲೆಯಲ್ಲಿ ತಮ್ಮದಲ್ಲದ ಗಾಡಿಯನ್ನು. parivahan.gov.in ಅಥವಾ mParivahan ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಸಾಲದ ನಮೂದು, ವಿಮೆಯ ಅವಧಿ, ನೋಂದಣಿಯ ಅವಧಿ ಕಾಣುತ್ತವೆ. ಅಲ್ಲಿ ಮಾಲೀಕರ ಹೆಸರನ್ನು ಪೂರ್ತಿ ತೋರಿಸುವುದಿಲ್ಲ. ಪೂರ್ತಿ ಇತಿಹಾಸ ಬೇಕಾದರೆ ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಗಾಡಿ ಎಷ್ಟು ಕೈ ದಾಟಿದೆ, ಎಚ್‌ಪಿ ಯಾವಾಗ ಕ್ಯಾನ್ಸಲ್ ಆಗಿದೆ ಎನ್ನುವುದು ಅದರಲ್ಲಿ ತಿಳಿಯುತ್ತದೆ. ಬಾಕಿ ದಂಡಗಳನ್ನು echallan.parivahan.gov.in ನಲ್ಲಿ ನೋಡಬಹುದು.

ಹಳೆಯ ಕಾರುಗಳ ಅಂಗಡಿಯಿಂದ ಕೊಳ್ಳುವವರಿಗೆ 2023ರ ಏಪ್ರಿಲ್ 1ರಿಂದ ಒಂದು ಹೊಸ ಆಧಾರ ಸಿಕ್ಕಿದೆ. ಕೇಂದ್ರದ ನಿಯಮದ ಪ್ರಕಾರ ಅಂಥ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಗಾಡಿಯನ್ನು ಅವರ ಕೈಗೆ ಕೊಟ್ಟ ಮಾಲೀಕರು 29ಸಿ ಫಾರಂ ಮೂಲಕ ತಿಳಿಸಿದ ಮೇಲೆ, ಮಾರಾಟವಾಗುವ ತನಕ ವ್ಯಾಪಾರಿಯನ್ನೇ ಮಾಲೀಕರೆಂದು ಭಾವಿಸಲಾಗುತ್ತದೆ. ಕೊಂಡವರ ಹೆಸರಿಗೆ ವರ್ಗಾವಣೆಯ ಅರ್ಜಿ ಹಾಕುವ ಅಧಿಕಾರವೂ ಅವರಿಗೆ ಬರುತ್ತದೆ. ಹಾಗಾಗಿ ಅಂಗಡಿಗೆ ಹೋದಾಗ ಪಾಲಿಶ್ ಮಾಡಿದ ಬಾನೆಟ್ ನೋಡುವ ಮೊದಲು ಆ ಪ್ರಮಾಣಪತ್ರ ತೋರಿಸಿ ಎನ್ನಬೇಕು. ಅದಿಲ್ಲದೆ ಹತ್ತಾರು ಗಾಡಿ ನಿಲ್ಲಿಸಿಕೊಂಡವರು ಕಾನೂನಿನ ಕಣ್ಣಲ್ಲಿ ಬರೀ ಮಧ್ಯವರ್ತಿಗಳು.

ಈಗಾಗಲೇ ಸಿಕ್ಕಿಹಾಕಿಕೊಂಡವರು ಏನು ಮಾಡಬೇಕು? ಮಾರಿದವರು ಬದುಕಿದ್ದು, ವಿಳಾಸ ಗೊತ್ತಿದ್ದರೆ ಮೊದಲು ಲಿಖಿತವಾಗಿ, ಸ್ಪೀಡ್ ಪೋಸ್ಟ್‌ನಲ್ಲಿ ಕೇಳಬೇಕು. ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಅದರ ಪ್ರತಿ, ಕರಾರು, ಹಣ ಕೊಟ್ಟ ಬ್ಯಾಂಕ್ ದಾಖಲೆ ಇಟ್ಟು, 50ನೇ ಕಲಮಿನಡಿ ತಮ್ಮ ಪಾಲಿನ ಕರ್ತವ್ಯವನ್ನು ಉಲ್ಲೇಖಿಸಿ, ಗಾಡಿ ನೋಂದಣಿಯಾದ ಆರ್‌ಟಿಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹಳೆಯ ಮಾಲೀಕರಿಗೆ ನೋಟಿಸ್ ಕೊಟ್ಟು ವಿಚಾರಿಸುವಂತೆ ಅದರಲ್ಲೇ ಕೇಳಿಕೊಳ್ಳಬಹುದು. ಅದಕ್ಕೂ ಜಗ್ಗದಿದ್ದರೆ ವರ್ಗಾವಣೆಗೆ ಸಹಿ ಹಾಕಿಸಿಕೊಡುವಂತೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ. ವ್ಯಾಪಾರಿಯಿಂದ ಕೊಂಡಿದ್ದು, ವರ್ಗಾವಣೆ ಮಾಡಿಸಿಕೊಡುತ್ತೇವೆಂದು ಅವರು ಹಣ ಪಡೆದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಹತ್ತಿರದ ದಾರಿ. ಅಲ್ಲಿಗೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಇದೆಲ್ಲ ಇತ್ಯರ್ಥವಾಗುವ ತನಕ ಆ ಗಾಡಿಯನ್ನು ದೂರದ ಪ್ರಯಾಣಕ್ಕೆ ತೆಗೆಯದಿರುವುದು ಲೇಸು. ಥರ್ಡ್ ಪಾರ್ಟಿ ವಿಮೆಯನ್ನಂತೂ ಒಂದು ದಿನವೂ ತಪ್ಪಿಸಬಾರದು.

ಹೊಸದಾಗಿ ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟು. ಪೂರ್ತಿ ಹಣವನ್ನು ಗಾಡಿ ಕೈಗೆ ಬಂದ ದಿನವೇ ಕೊಡಬೇಡಿ. ಮಾರಿದವರು ಮತ್ತೆ ನಿಮ್ಮ ಬಳಿಗೆ ಬರಲೇಬೇಕು ಎನ್ನಿಸುವಷ್ಟು ಮೊತ್ತವನ್ನು ಉಳಿಸಿಕೊಳ್ಳಿ. ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಅದನ್ನು ಕೊಡುವುದಾಗಿ ಕರಾರಿನಲ್ಲೇ ಬರೆಸಿ. ವಿಮಾ ಕಂಪನಿಗೆ ತಿಳಿಸಲು ಕಾಯ್ದೆ ಕೊಟ್ಟಿರುವುದು ಮಾರಾಟದ ದಿನದಿಂದ 14 ದಿನ; ಆರ್‌ಸಿ ಬರಲಿ ಎಂದು ಕಾಯದೆ, ಆರ್‌ಟಿಒಗೆ ಅರ್ಜಿ ಹಾಕಿದ ರಸೀದಿಯೊಂದಿಗೆ ಅದೇ ವಾರ ಕಂಪನಿಗೆ ಬರೆಯಿರಿ, ಬರೆದದ್ದಕ್ಕೆ ಸ್ವೀಕೃತಿ ಪಡೆಯಿರಿ. ಇವೆರಡಕ್ಕೂ ಮಾರುವವರು ಒಪ್ಪದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬೇರೆ ಗಾಡಿ ನೋಡಿ.